ಅರ್ಧಾಯು 8 ದಿನ ಅಂದರೆ 16 ದಿನಕ್ಕೆ ಎಲ್ಲ ಮುಗಿಯುವುದಿಲ್ಲ ಯಾಕೆ?

ಪ್ರಶ್ನೆ: ಸರ್, ವಿಕಿರಣಶೀಲ ಅಯೋಡಿನ್-131ರ ಅರ್ಧಾಯು 8 ದಿನ. ಮುಚ್ಚಿದ ಸೀಸೆಯಲ್ಲಿ ಈಗ 400 ಮೆಗಾಬೆಕೆರೆಲ್ ಇದೆ, 12 ದಿನ ಆದ ಮೇಲೆ ಎಷ್ಟು ಉಳಿದಿರುತ್ತೆ ಅನ್ನೋದು ಲೆಕ್ಕ. 8 ದಿನಕ್ಕೆ 200 ಹೋಗುತ್ತೆ, ಅಂದ್ರೆ ದಿನಕ್ಕೆ 25. 12 ದಿನಕ್ಕೆ 300 ಹೋಗಿ 100 ಉಳಿಯಬೇಕು. ಆದ್ರೆ ಉತ್ತರ 141 ಅಂತ ಕೊಟ್ಟಿದ್ದಾರೆ. ನನ್ನ ಗೆಳತಿ 150 ಅಂತಾಳೆ. ಮೂರರಲ್ಲಿ ಯಾವುದು ಸರಿ? ನನ್ನ ಲೆಕ್ಕದಲ್ಲಿ ತಪ್ಪು ಎಲ್ಲಿದೆ?

ಉತ್ತರ: 141 ಸರಿ. ನಿಮ್ಮ 100 ತುಂಬ ಕಡಿಮೆಯಾಯಿತು, ನಿಮ್ಮ ಗೆಳತಿಯ 150 ಸ್ವಲ್ಪ ಜಾಸ್ತಿಯಾಯಿತು. ಇಬ್ಬರ ತಪ್ಪೂ ಒಂದೇ ಜಾತಿಯದು. ಆದರೆ ಅವರು ಎಂಟನೇ ದಿನದವರೆಗೆ ಸರಿಯಾಗಿ ಬಂದು, ಆಮೇಲಿನ ನಾಲ್ಕು ದಿನದಲ್ಲಿ ಜಾರಿದ್ದಾರೆ. ಅವರ ಲೆಕ್ಕಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ 25ನ್ನು ನೋಡೋಣ.

ಆ 25 ಪೂರ್ತಿ ಸುಳ್ಳು ಸಂಖ್ಯೆಯಲ್ಲ. ಮೊದಲ 8 ದಿನದಲ್ಲಿ 200 ಹೋಗುವುದು ನಿಜ. ಅದನ್ನು 8ರಿಂದ ಭಾಗಿಸಿದರೆ 25 ಬರುವುದೂ ನಿಜ. ಅದು ಆ ಎಂಟು ದಿನಗಳ ಸರಾಸರಿ. ನೀವು ಆ ಸರಾಸರಿಯನ್ನು ದಿನದ ಕಂತು ಅಂತ ಹಿಡಿದಿರಿ. ಒಂಬತ್ತನೇ ದಿನದಿಂದ ಆಚೆಗೂ ಅದೇ ಕಂತನ್ನು ಕಳೆಯುತ್ತಾ ಹೋದಿರಿ. ಸಾಲಕ್ಕೆ ಕಂತು ಇರುತ್ತದೆ, ಉಳಿದ ಸಾಲ ಎಷ್ಟೇ ಇರಲಿ ಕಂತು ಅಷ್ಟೇ. ಸೀಸೆಯಲ್ಲಿರುವ ಅಯೋಡಿನ್‌ಗೆ ಅಂಥ ಕಂತು ಇಲ್ಲ.

ಇದರಲ್ಲಿ ನಮ್ಮ ಪದದ ಪಾಲೂ ಇದೆ ಅಂತ ನನಗೆ ಬಹಳ ದಿನದಿಂದ ಅನ್ನಿಸುತ್ತಿದೆ. 'ಅರ್ಧಾಯು' ಅಂದ ತಕ್ಷಣ ಕಿವಿಗೆ ಕೇಳುವುದು 'ಅರ್ಧ ಆಯುಸ್ಸು'. ಅರ್ಧ ಆಯುಸ್ಸು 8 ದಿನವಾದರೆ ಪೂರ್ತಿ ಆಯುಸ್ಸು 16 ದಿನ ಆಗಲೇಬೇಕಲ್ವಾ? ಭಾಷೆಯ ಮಟ್ಟಿಗೆ ಅದು ಸರಿಯಾದ ತರ್ಕವೇ. ಆದರೆ ಇಲ್ಲಿ ಅರ್ಧವಾಗುವುದು ಆಯುಸ್ಸಲ್ಲ, ಪ್ರಮಾಣ. ಇರುವುದು ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯ ಅಂತ ಓದಿಕೊಳ್ಳಿ. 'ಇರುವುದು' ಅನ್ನುವ ಪದದ ಮೇಲೆ ಒತ್ತು ಇರಲಿ. 400 ಇದ್ದಾಗ ಅದರ ಅರ್ಧ 200. 200 ಇದ್ದಾಗ ಅದರ ಅರ್ಧ 100. ಮೊದಲ ಎಂಟು ದಿನದಲ್ಲಿ 200 ಹೋದರೆ, ಮುಂದಿನ ಎಂಟು ದಿನದಲ್ಲಿ ಹೋಗುವುದು 100 ಮಾತ್ರ.

ಯಾಕೆ ಹೀಗೆ ಅನ್ನುವುದನ್ನು ಸೀಸೆಯ ಒಳಗೆ ಹೋಗಿ ನೋಡಿದರೆ ಸೂತ್ರವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಅದೃಷ್ಟಕ್ಕೆ ಅಯೋಡಿನ್-131ರ ಅಂಕಿಗಳು ಬಾಯಿಲೆಕ್ಕಕ್ಕೆ ಬಹಳ ಅನುಕೂಲವಾಗಿವೆ. 400 ಮೆಗಾಬೆಕೆರೆಲ್ ಅಂದರೆ ಸೆಕೆಂಡಿಗೆ 40 ಕೋಟಿ ನ್ಯೂಕ್ಲಿಯಸ್‌ಗಳು ಒಡೆಯುತ್ತಿವೆ ಅಂತ ಅರ್ಥ. ಅಷ್ಟು ಆಕ್ಟಿವಿಟಿ ಕೊಡಲು ಸೀಸೆಯಲ್ಲಿ ಸುಮಾರು 4 ಕೋಟಿ ಕೋಟಿ ಅಯೋಡಿನ್-131 ನ್ಯೂಕ್ಲಿಯಸ್‌ಗಳು ಇರಬೇಕು. ಅಂದರೆ 4ರ ಮುಂದೆ 14 ಸೊನ್ನೆ. ಕೇಳಲು ದೊಡ್ಡದು, ಆದರೆ ತೂಕ ಒಂದು ಮೈಕ್ರೋಗ್ರಾಂನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ.

ಈಗ ಇವೆರಡನ್ನು ಪಕ್ಕಪಕ್ಕ ಇಡಿ. 4 ಕೋಟಿ ಕೋಟಿಯಲ್ಲಿ ಸೆಕೆಂಡಿಗೆ 40 ಕೋಟಿ ಅಂದರೆ, ಹತ್ತು ಲಕ್ಷಕ್ಕೆ ಒಂದು. ಅಯೋಡಿನ್-131ರ ಗುಣ ಇಷ್ಟೇ: ಯಾವ ಸೆಕೆಂಡ್ ತೆಗೆದುಕೊಂಡರೂ, ಆಗ ಉಳಿದಿರುವ ನ್ಯೂಕ್ಲಿಯಸ್‌ಗಳಲ್ಲಿ ಹತ್ತು ಲಕ್ಷಕ್ಕೆ ಒಂದರಂತೆ ಒಡೆಯುತ್ತವೆ. ಒಂದೊಂದು ನ್ಯೂಕ್ಲಿಯಸ್ಸಿಗೂ ಮುಂದಿನ ಸೆಕೆಂಡಿನಲ್ಲಿ ಒಡೆಯುವ ಸಂಭವ ಅಷ್ಟೇ. ಅದು ನಿನ್ನೆ ಹುಟ್ಟಿದ್ದಾದರೂ ಅಷ್ಟೇ, ತಿಂಗಳ ಹಿಂದೆ ಹುಟ್ಟಿದ್ದಾದರೂ ಅಷ್ಟೇ. ಅದಕ್ಕೆ ವಯಸ್ಸಾಗುವುದಿಲ್ಲ. ಪಕ್ಕದಲ್ಲಿ ಎಷ್ಟು ಉಳಿದಿವೆ ಅನ್ನುವುದೂ ಅದಕ್ಕೆ ಗೊತ್ತಿಲ್ಲ.

ಎಂಟು ದಿನ ಕಳೆದ ಮೇಲೆ ಸೀಸೆಯಲ್ಲಿ 2 ಕೋಟಿ ಕೋಟಿ ಇವೆ. ಹತ್ತು ಲಕ್ಷಕ್ಕೆ ಒಂದು ಅನ್ನುವ ದರ ಬದಲಾಗಿಲ್ಲ. ಹಾಗಾಗಿ ಈಗ ಸೆಕೆಂಡಿಗೆ ಒಡೆಯುವುದು 20 ಕೋಟಿ. ಒಡೆಯಲು ಇರುವವೇ ಅರ್ಧ ಆದಾಗ, ಒಡೆಯುವುದೂ ಅರ್ಧ. ನಿಮ್ಮ ಲೆಕ್ಕದ ಪ್ರಕಾರ ದಿನಕ್ಕೆ ಅಷ್ಟೇ ಪ್ರಮಾಣ ಹೋಗುತ್ತಲೇ ಇರಬೇಕಾದರೆ, ಉಳಿದ ನ್ಯೂಕ್ಲಿಯಸ್‌ಗಳು ದಿನದಿಂದ ದಿನಕ್ಕೆ ಹೆಚ್ಚು ಆತುರ ಮಾಡಬೇಕು. ಕೊನೆಗೆ ಉಳಿದ ನಾಲ್ಕಾರು ನ್ಯೂಕ್ಲಿಯಸ್‌ಗಳಂತೂ ತಮ್ಮ ಸರದಿ ಬಂತು ಅಂತ ತಿಳಿದುಕೊಂಡು ಸಾಲಾಗಿ ಒಡೆಯಬೇಕು. ಹಾಗೆ ಆಗುವುದಕ್ಕೆ ಯಾವ ಕಾರಣವೂ ಇಲ್ಲ.

ಮೇಣದಬತ್ತಿಯ ಜೊತೆ ಹೋಲಿಸಿ ನೋಡಿ. ಅಲ್ಲಿ ನೇರ ರೇಖೆಯ ಲೆಕ್ಕ ನಡೆಯುತ್ತದೆ. ಉರಿಯುವುದು ತುದಿಯ ಬತ್ತಿ ಮಾತ್ರ. ಕೆಳಗೆ ಮೇಣ ಒಂದು ಗೇಣು ಇದ್ದರೂ, ಒಂದು ಬೆರಳು ಇದ್ದರೂ, ತುದಿಯಲ್ಲಿ ಗಂಟೆಗೆ ಕರಗುವುದು ಹೆಚ್ಚುಕಡಿಮೆ ಒಂದೇ. ಕೆಳಗಿನ ಮೇಣ ಕಾಯುತ್ತಾ ಕೂತಿರುತ್ತದೆ. ಸೀಸೆಯಲ್ಲಿ ಯಾವ ನ್ಯೂಕ್ಲಿಯಸ್ಸೂ ಸರದಿಗಾಗಿ ಕಾಯುತ್ತಿಲ್ಲ. ಎಲ್ಲವೂ ಒಟ್ಟಿಗೇ ಕಣದಲ್ಲಿವೆ. ಒಂದು ಲೆಕ್ಕ ಎದುರಿಗೆ ಬಂದಾಗ ನೇರ ರೇಖೆ ಹಾಕಬಹುದೋ ಇಲ್ಲವೋ ಅನ್ನುವ ಅನುಮಾನ ಬಂದರೆ ನಾನು ಕೇಳಿಕೊಳ್ಳುವುದು ಇದನ್ನೇ: ಕಡಿಮೆಯಾಗುವ ಕೆಲಸ ಒಂದು ತುದಿಯಲ್ಲಿ ನಡೆಯುತ್ತಿದೆಯೋ, ಇಡೀ ರಾಶಿಯಲ್ಲಿ ನಡೆಯುತ್ತಿದೆಯೋ?

ಇನ್ನೊಂದು ಸಾಕ್ಷಿ ಇದೆ, ನನಗೆ ಇದು ಎಲ್ಲಕ್ಕಿಂತ ಗಟ್ಟಿ ಅನ್ನಿಸುತ್ತದೆ. ನ್ಯೂಕ್ಲಿಯಸ್‌ಗಳ ಸಂಖ್ಯೆ ನಿಜವಾಗಿ ನೇರ ರೇಖೆಯಲ್ಲಿ ಇಳಿದಿದ್ದರೆ, ಸೆಕೆಂಡಿಗೆ ಒಡೆಯುವ ಸಂಖ್ಯೆ ಎಲ್ಲ ದಿನವೂ ಒಂದೇ ಇರಬೇಕಿತ್ತು. ಸೀಸೆಯ ಪಕ್ಕ ಒಂದು ಗೈಗರ್ ಕೌಂಟರ್ ಇಟ್ಟರೆ, ಅದು ಹದಿನಾರು ದಿನ ಒಂದೇ ವೇಗದಲ್ಲಿ ಟಿಕ್ ಟಿಕ್ ಅಂದು, ಹದಿನಾರನೇ ದಿನದ ಕೊನೆಗೆ ಥಟ್ಟನೆ ನಿಂತುಹೋಗಬೇಕಿತ್ತು. ಯಾರೂ ಅಂಥದ್ದನ್ನು ಕಂಡಿಲ್ಲ. ಕೌಂಟರಿನ ಓಟ ದಿನದಿಂದ ದಿನಕ್ಕೆ ನಿಧಾನವಾಗುತ್ತದೆ. ಅಷ್ಟೇ ಅಲ್ಲ, ನಿಧಾನವಾಗುವುದೂ ನಿಧಾನವಾಗುತ್ತದೆ. 1900ರಲ್ಲಿ ಮಾಂಟ್ರಿಯಲ್‌ನಲ್ಲಿ ಅರ್ನೆಸ್ಟ್ ರುದರ್‌ಫೋರ್ಡ್ ಥೋರಿಯಂನಿಂದ ಹೊರಡುವ ಅನಿಲದ ಮೇಲೆ ಇದನ್ನೇ ಅಳೆದರು. ಅದರ ಬಲ ಸುಮಾರು ಒಂದು ನಿಮಿಷಕ್ಕೆ ಅರ್ಧ, ಇನ್ನೊಂದು ನಿಮಿಷಕ್ಕೆ ಅದರ ಅರ್ಧ, ಹೀಗೆ ಇಳಿಯುತ್ತಿತ್ತು. ಅಂದರೆ ಗುಣೋತ್ತರ ಶ್ರೇಢಿಯಲ್ಲಿ. ಈಗ ನಾವು ರೇಡಾನ್-220 ಅಂತ ಕರೆಯುವ ಆ ಅನಿಲದ ಅರ್ಧಾಯು 56 ಸೆಕೆಂಡ್ ಅಂತ ತಿಳಿದಿದೆ. ನಿಮ್ಮ ಲೆಕ್ಕ ಸಮಾಂತರ ಶ್ರೇಢಿ, ಅಂದರೆ 400, 375, 350. ಸೀಸೆ ನಡೆಯುವುದು ಗುಣೋತ್ತರ ಶ್ರೇಢಿಯಲ್ಲಿ. ಕಳೆಯುವ ಜಾಗದಲ್ಲಿ ಗುಣಿಸಬೇಕು, ವ್ಯತ್ಯಾಸ ಇಷ್ಟೇ.

ಹಾಗಾದರೆ ನಿಜವಾಗಿ ದಿನಕ್ಕೆ ಎಷ್ಟು ಹೋಗುತ್ತದೆ? ದಿನಕ್ಕೆ ಉಳಿಯುವ ಪಾಲು 0.917. ಅಂದರೆ ಇದ್ದದ್ದರಲ್ಲಿ ಶೇ 8.3 ಹೋಗುತ್ತದೆ. ಮೊದಲ ದಿನ 400ರಲ್ಲಿ ಹೋಗುವುದು 33.2. ಎರಡನೇ ದಿನ 30.4. ನಾಲ್ಕನೇ ದಿನ 25.6. ಎಂಟನೇ ದಿನ 18.1. ಎಂಟೂ ದಿನದ್ದು ಕೂಡಿದರೆ ಸರಿಯಾಗಿ 200. ನಿಮ್ಮ 25 ಎಲ್ಲಿ ಬಂತು ನೋಡಿ, ನಾಲ್ಕನೇ ದಿನದ ಹತ್ತಿರ ಒಮ್ಮೆ ಹಾದುಹೋಯಿತು, ಮತ್ತೆ ತಿರುಗಿ ಬರಲಿಲ್ಲ. ಒಂಬತ್ತನೇ ದಿನ ಹೋಗುವುದು 16.6, ಅಂದರೆ ಮೊದಲ ದಿನದ ಅರ್ಧ.

ಈ ಅಂಕಿಗಳನ್ನು ನಿಮ್ಮ ನೇರ ರೇಖೆಯ ಜೊತೆ ಇಟ್ಟು ನೋಡಿದರೆ ಒಂದು ಸೂಕ್ಷ್ಮ ಸಂಗತಿ ಕಾಣುತ್ತದೆ. ನಾಲ್ಕು ದಿನಕ್ಕೆ ನಿಮ್ಮ ಲೆಕ್ಕ 300 ಉಳಿದಿದೆ ಅನ್ನುತ್ತದೆ, ನಿಜಕ್ಕೆ ಉಳಿದಿರುವುದು 282.8. ಅಲ್ಲಿ ನಿಮ್ಮ ಉತ್ತರ ಜಾಸ್ತಿ. ಎಂಟು ದಿನಕ್ಕೆ ಎರಡೂ 200. ಹನ್ನೆರಡಕ್ಕೆ ನಿಮ್ಮದು 100, ನಿಜ 141.4. ಈಗ ನಿಮ್ಮ ಉತ್ತರ ಕಡಿಮೆ. ಅರ್ಧಾಯುವಿನ ಒಳಗೆ ಜಾಸ್ತಿ ತೋರಿಸುವ ರೇಖೆ, ಅರ್ಧಾಯು ದಾಟಿದ ತಕ್ಷಣ ಕಡಿಮೆ ತೋರಿಸಲು ಶುರು ಮಾಡುತ್ತದೆ. ಹಾಗಾಗಿ 'ನೇರ ರೇಖೆ ಸ್ವಲ್ಪ ಹೆಚ್ಚು ಕೊಡುತ್ತದೆ, ಒಂದಿಷ್ಟು ಕಳೆದರಾಯಿತು' ಅನ್ನುವ ಸಮಾಧಾನ ನಡೆಯುವುದಿಲ್ಲ. ಗ್ರಾಫ್ ಹಾಳೆಯಲ್ಲಿ ಒಮ್ಮೆ ಎಳೆದು ನೋಡಿ. ನಿಜವಾದ ಗೆರೆ ಬಿಗಿಯಾಗಿ ಕಟ್ಟದ ಹಗ್ಗದ ಹಾಗೆ ಕೆಳಕ್ಕೆ ಜೋತುಬಿದ್ದಿರುತ್ತದೆ. ನಿಮ್ಮ ನೇರ ರೇಖೆ ಅದನ್ನು ಎರಡೇ ಕಡೆ ಮುಟ್ಟುತ್ತದೆ: ಸೊನ್ನೆ ದಿನದಲ್ಲಿ, ಎಂಟನೇ ದಿನದಲ್ಲಿ. ನಡುವೆ ಮೇಲೆ, ಆಮೇಲೆ ಕೆಳಗೆ.

ಹದಿನಾರನೇ ದಿನ ನಿಮ್ಮ ರೇಖೆ ಸೊನ್ನೆ ತೋರಿಸುತ್ತದೆ. ನಿಜಕ್ಕೆ ಅಲ್ಲಿ 100 ಇದೆ. ಇಪ್ಪತ್ತನೇ ದಿನ ನಿಮ್ಮ ರೇಖೆ ಸೊನ್ನೆಗಿಂತ ಕೆಳಗೆ 100 ಅನ್ನುತ್ತದೆ, ಅದಕ್ಕೆ ಅರ್ಥವೇ ಇಲ್ಲ. ನಿಜಕ್ಕೆ ಇರುವುದು 70.7. ಲೆಕ್ಕ ತಪ್ಪಿದೆಯೋ ಅಂತ ಪರೀಕ್ಷಿಸಲು ಇದು ಸುಲಭದ ದಾರಿ: ಅದೇ ವಿಧಾನದಲ್ಲಿ ಎರಡು ಅರ್ಧಾಯುವಿನ ಉತ್ತರ ತೆಗೆದು ನೋಡಿ. ಕಾಲು ಭಾಗ ಬರಬೇಕು. ಸೊನ್ನೆ ಬಂದರೆ ವಿಧಾನ ತಪ್ಪು.

ಆದರೆ ಅರ್ಧಾಯುವಿಗಿಂತ ಕಡಿಮೆ ಸಮಯದ ಲೆಕ್ಕದಲ್ಲಿ ಸೊನ್ನೆ ಬರುವುದಿಲ್ಲ, ಹಾಗಾಗಿ ತಪ್ಪು ಸುಮ್ನೆ ಅಡಗಿ ಕೂರುತ್ತದೆ. ನಾಲ್ಕು ದಿನಕ್ಕೆ 300 ಅನ್ನುವ ಉತ್ತರ ನೋಡಲು ಎಷ್ಟು ಸಹಜವಾಗಿದೆ ನೋಡಿ. ಅಲ್ಲಿ ತಪ್ಪು ಹಿಡಿಯಲು ಎರಡು ಹೆಜ್ಜೆಯ ಪರೀಕ್ಷೆ ಮಾಡಿ. ನಾಲ್ಕು ದಿನದಲ್ಲಿ 400 ಇದ್ದದ್ದು 300 ಆಯಿತು ಅಂದರೆ, ನಾಲ್ಕು ದಿನಕ್ಕೆ ಮುಕ್ಕಾಲು ಪಾಲು ಉಳಿಯುತ್ತದೆ ಅಂತ ನೀವು ಹೇಳಿದಂತಾಯಿತು. ಸರಿ, ಈಗ ಇನ್ನೊಬ್ಬರು ಬಂದು ಆ 300ರ ಸೀಸೆಯನ್ನು ತೆಗೆದುಕೊಂಡರು ಅಂದುಕೊಳ್ಳಿ. ಅವರಿಗೆ ಹಿಂದಿನ ಕತೆ ಗೊತ್ತಿಲ್ಲ, ಸೀಸೆಗೂ ಗೊತ್ತಿಲ್ಲ. ಅವರು ನಿಮ್ಮದೇ ವಿಧಾನದಲ್ಲಿ ಇನ್ನೂ ನಾಲ್ಕು ದಿನದ ಲೆಕ್ಕ ಹಾಕಿದರೆ 300ರ ಮುಕ್ಕಾಲು, ಅಂದರೆ 225 ಬರುತ್ತದೆ. ಒಟ್ಟು ಎಂಟು ದಿನ ಆಯಿತು. 200 ಇರಬೇಕಿತ್ತು, 225 ಇದೆ. ಅರ್ಧಾಯುವಿನ ಅರ್ಥವೇ ಮುರಿದುಬಿತ್ತು.

ಈ ಪರೀಕ್ಷೆ ತಪ್ಪು ಹಿಡಿಯುವುದರ ಜೊತೆಗೆ ಸರಿಯಾದ ಉತ್ತರವನ್ನೂ ಕೈಗೆ ಕೊಡುತ್ತದೆ. ನಾಲ್ಕು ದಿನಕ್ಕೆ ಉಳಿಯುವ ಪಾಲು ಎಷ್ಟು ಅಂತ ನಮಗೆ ಗೊತ್ತಿಲ್ಲ ಅಂದುಕೊಳ್ಳಿ. ಆದರೆ ಆ ಪಾಲಿನಿಂದ ಎರಡು ಸಲ ಗುಣಿಸಿದರೆ ಎಂಟು ದಿನದ ಪಾಲು, ಅಂದರೆ ಅರ್ಧ, ಬರಲೇಬೇಕು. ತನ್ನಿಂದ ತಾನೇ ಗುಣಿಸಿಕೊಂಡರೆ 0.5 ಆಗುವ ಸಂಖ್ಯೆ ಯಾವುದು? 0.5ರ ವರ್ಗಮೂಲ, 0.7071. ಅಷ್ಟೇ. ಲಾಗ್ ಬೇಕಿಲ್ಲ, ಘಾತಸೂಚಿಯ ಕೋಷ್ಟಕ ಬೇಕಿಲ್ಲ.

ಈಗ ನಿಮ್ಮ ಲೆಕ್ಕ ಎರಡು ಸಾಲಿನಲ್ಲಿ ಮುಗಿಯುತ್ತದೆ. 12 ದಿನ ಅಂದರೆ 8 ಮತ್ತು 4. ಎಂಟು ದಿನಕ್ಕೆ 400 ಇದ್ದದ್ದು 200. ಮುಂದಿನ ನಾಲ್ಕು ದಿನಕ್ಕೆ 200 × 0.7071 = 141.4. ಎರಡು ದಿನದ ಲೆಕ್ಕ ಬಂದರೆ ವರ್ಗಮೂಲದ ವರ್ಗಮೂಲ, 0.8409. ಒಂದು ದಿನಕ್ಕೆ ಮತ್ತೊಮ್ಮೆ ವರ್ಗಮೂಲ ತೆಗೆದರೆ 0.917, ನಾನು ಮೇಲೆ ಬಳಸಿದ ಸಂಖ್ಯೆ ಅಲ್ಲಿಂದಲೇ ಬಂದದ್ದು. ವರ್ಗಮೂಲದ ಗುಂಡಿ ಮಾತ್ರ ಇರುವ ಸಾದಾ ಕ್ಯಾಲ್ಕುಲೇಟರಿನಲ್ಲೂ ಇಷ್ಟು ಆಗುತ್ತದೆ.

ಈಗ ನಿಮ್ಮ ಗೆಳತಿಯ 150. ಅವರು ಯೋಚಿಸಿದ್ದು ಹೀಗಿರಬೇಕು: ಎಂಟಕ್ಕೆ 200, ಹದಿನಾರಕ್ಕೆ 100, ಹನ್ನೆರಡು ಸರಿಯಾಗಿ ಮಧ್ಯ, ಹಾಗಾಗಿ 150. ಪ್ರತಿ ಅರ್ಧಾಯುವಿಗೂ ಅರ್ಧ ಆಗುತ್ತದೆ ಅನ್ನುವುದು ಅವರಿಗೆ ಗೊತ್ತಿದೆ. ಆದರೆ ಒಂದೊಂದು ಅರ್ಧಾಯುವಿನ ಒಳಗೆ ಮತ್ತೆ ನೇರ ರೇಖೆ ಎಳೆದರು. ಈ ತಪ್ಪು ನಿಮ್ಮದಕ್ಕಿಂತ ಚಿಕ್ಕದು, ಆದರೆ ಹಿಡಿಯಲು ಹೆಚ್ಚು ಕಷ್ಟ. 8, 16, 24 ದಿನಗಳಲ್ಲಿ ಈ ವಿಧಾನ ಸರಿಯಾದ ಉತ್ತರವನ್ನೇ ಕೊಡುತ್ತದೆ. ಸೊನ್ನೆಯೂ ಬರುವುದಿಲ್ಲ. ಅಭ್ಯಾಸದ ಲೆಕ್ಕಗಳೆಲ್ಲ ಪೂರ್ತಿ ಅರ್ಧಾಯುಗಳಲ್ಲೇ ಇದ್ದರೆ ವರ್ಷಗಟ್ಟಲೆ ಗೊತ್ತೇ ಆಗದೆ ಉಳಿದುಬಿಡುತ್ತದೆ. ಉತ್ತರ ಪತ್ರಿಕೆ ತಿದ್ದುವಾಗ ನಾನು ಇದನ್ನು ಬಹಳ ಸಲ ನೋಡಿದ್ದೇನೆ. ಮೂರು ಅರ್ಧಾಯುವಿನ ಲೆಕ್ಕ ಚೆನ್ನಾಗಿ ಮಾಡಿದವರೇ ಎರಡೂವರೆ ಅರ್ಧಾಯು ಬಂದಾಗ ಹೀಗೆ ಎಡವುತ್ತಾರೆ.

ಪೂರ್ತಿ ಅರ್ಧಾಯುಗಳನ್ನು ಬಿಟ್ಟರೆ ಅವರ ವಿಧಾನದಲ್ಲಿ ಉತ್ತರ ಯಾವಾಗಲೂ ನಿಜಕ್ಕಿಂತ ಜಾಸ್ತಿಯೇ ಬರುತ್ತದೆ, ಆದರೆ ತೀರಾ ಕೆಟ್ಟ ಸಂದರ್ಭದಲ್ಲೂ ಸುಮಾರು ಶೇ 6ಕ್ಕಿಂತ ಹೆಚ್ಚು ತಪ್ಪುವುದಿಲ್ಲ. 141.4ರ ಜಾಗದಲ್ಲಿ 150 ಅಂದರೆ ಹೆಚ್ಚುಕಡಿಮೆ ಆ ಶೇ 6ರಷ್ಟೇ. ತಿದ್ದುಪಡಿ ಸಣ್ಣದು. 200 ಮತ್ತು 100ರ ಮಧ್ಯ ಹುಡುಕುವಾಗ ಕೂಡಿ ಎರಡರಿಂದ ಭಾಗಿಸುವ ಸಮಾಂತರ ಮಾಧ್ಯ ಬೇಡ. ಗುಣಿಸಿ ವರ್ಗಮೂಲ ತೆಗೆಯುವ ಗುಣೋತ್ತರ ಮಾಧ್ಯ ಬೇಕು. 200 × 100 = 20,000. ಅದರ ವರ್ಗಮೂಲ 141.4. ಅವರಿಗೆ ಇದನ್ನು ತೋರಿಸಿ, ಖುಷಿಪಡುತ್ತಾರೆ.

ಸಮಯ 4, 8, 12ರಂತೆ ಅನುಕೂಲವಾಗಿ ಇಲ್ಲದೆ, 13 ದಿನ ಅಂತ ಬಂದರೆ ಸೂತ್ರವೇ ಬೇಕು: N = N₀ × (1/2)^(t/T). ಇಲ್ಲಿ N₀ ಅಂದರೆ ಶುರುವಿನಲ್ಲಿದ್ದದ್ದು, t ಕಳೆದ ಸಮಯ, T ಅರ್ಧಾಯು. ಘಾತದಲ್ಲಿರುವ t/T ಅಂದರೆ ಎಷ್ಟು ಅರ್ಧಾಯು ಕಳೆದವು ಅನ್ನುವ ಎಣಿಕೆ. ಅದು ಪೂರ್ಣ ಸಂಖ್ಯೆ ಆಗಿರಲೇಬೇಕು ಅಂತ ಇಲ್ಲ. ಎರಡನ್ನೂ ಒಂದೇ ಮಾನದಲ್ಲಿ ಬರೆಯಿರಿ, ಒಂದು ಗಂಟೆಯಲ್ಲಿ ಇನ್ನೊಂದು ದಿನದಲ್ಲಿ ಬೇಡ. ಕ್ಯಾಲ್ಕುಲೇಟರಿನಲ್ಲಿ ಒತ್ತುವಾಗ ಘಾತಕ್ಕೆ ಆವರಣ ಹಾಕುವುದನ್ನು ಮರೆಯಬೇಡಿ:

```
400 * 0.5 ^ (12 / 8)  =  141.42
400 * 0.5 ^ 12 / 8    =  0.0122
```

ಎರಡನೇ ಸಾಲಿನಲ್ಲಿ ಯಂತ್ರ ಮೊದಲು 12ನೇ ಘಾತ ತೆಗೆದು, ಆಮೇಲೆ 8ರಿಂದ ಭಾಗಿಸಿತು. ಉತ್ತರ ಎಲ್ಲಿಗೋ ಹೋಯಿತು. ಇದನ್ನು ತಡೆಯಲು ಮೊದಲೇ ಒಂದು ಅಂದಾಜು ಇಟ್ಟುಕೊಳ್ಳಿ. ಒಂದೂವರೆ ಅರ್ಧಾಯು ಅಂದರೆ ಉತ್ತರ 200 ಮತ್ತು 100ರ ನಡುವೆ ಇರಬೇಕು, ಅದೂ 150ಕ್ಕಿಂತ ಕೆಳಗೆ. ಇಷ್ಟು ಗೊತ್ತಿದ್ದರೆ ನಿಮ್ಮ 100, ಗೆಳತಿಯ 150, ಯಂತ್ರದ 0.0122 ಮೂರೂ ಸಿಕ್ಕಿಬೀಳುತ್ತವೆ.

ಹಾಗಾದರೆ ನೇರ ರೇಖೆಯನ್ನು ಎಲ್ಲಿಯೂ ಬಳಸಬಾರದೇ ಅಂತ ನೀವು ಕೇಳಬಹುದು. ಅರ್ಧಾಯುವಿಗೆ ಹೋಲಿಸಿದರೆ ಬಹಳ ಚಿಕ್ಕ ಸಮಯಕ್ಕೆ ಬಳಸಬಹುದು, ಆದರೆ ನಿಮ್ಮ ರೇಖೆಯನ್ನಲ್ಲ. ಮೊದಲ ಒಂದು ಗಂಟೆಯನ್ನು ತೆಗೆದುಕೊಳ್ಳಿ. ದಿನಕ್ಕೆ 25ರ ಲೆಕ್ಕದಲ್ಲಿ ಗಂಟೆಗೆ 1.04 ಹೋಗಬೇಕು. ನಿಜಕ್ಕೆ ಹೋಗುವುದು 1.44. ಸಮಯವನ್ನು ಎಷ್ಟು ಚಿಕ್ಕದು ಮಾಡಿದರೂ ಈ ಅಂತರ ಮುಚ್ಚುವುದಿಲ್ಲ. ಯಾಕೆಂದರೆ ನಿಮ್ಮ ರೇಖೆಯ ಇಳಿಜಾರು ಎಂಟು ದಿನದ ಸರಾಸರಿ, ಶುರುವಿನ ಇಳಿಜಾರು ಅದಕ್ಕಿಂತ ಕಡಿದು. ಶುರುವಿನ ವೇಗ ಬೇಕಾದರೆ 0.5ರ ಬದಲು 0.693 ಹಾಕಬೇಕು: 400 × 0.693 ÷ 8, ಅಂದರೆ ದಿನಕ್ಕೆ 34.7. ಈ 0.693 ಎಂಬುದು 2ರ ಸಹಜ ಲಾಗ್.

ಇಲ್ಲೊಂದು ಸೊಗಸು ಇದೆ. ಆ ಶುರುವಿನ ವೇಗ ಹಾಗೇ ಮುಂದುವರಿದಿದ್ದರೆ ಸೀಸೆ ಯಾವಾಗ ಖಾಲಿಯಾಗುತ್ತಿತ್ತು? 4 ಕೋಟಿ ಕೋಟಿಯಲ್ಲಿ ಸೆಕೆಂಡಿಗೆ 40 ಕೋಟಿಯಂತೆ ಹೋದರೆ ಹತ್ತು ಲಕ್ಷ ಸೆಕೆಂಡಿಗೆ ಖಾಲಿ, ಅಂದರೆ ಸುಮಾರು ಹನ್ನೊಂದೂವರೆ ದಿನ. ಹದಿನಾರು ದಿನ ಅಲ್ಲ. ಈ ಹನ್ನೊಂದೂವರೆ ದಿನವೇ ಅಯೋಡಿನ್-131 ನ್ಯೂಕ್ಲಿಯಸ್ಸಿನ ಸರಾಸರಿ ಆಯುಸ್ಸು. ಅರ್ಧಾಯುವಿನ 1.44 ಪಟ್ಟು. ಇದು ಎಲ್ಲ ವಿಕಿರಣಶೀಲ ವಸ್ತುಗಳಿಗೂ ಹೊಂದುತ್ತದೆ. ಹದಿನಾರು ದಿನ ಅನ್ನುವುದಕ್ಕೆ ಮಾತ್ರ ಯಾವ ಭೌತಿಕ ಅರ್ಥವೂ ಇಲ್ಲ. ಅದು ಅರ್ಧಾಯುವನ್ನು ಎರಡರಿಂದ ಗುಣಿಸಿ ಬಂದ ಅಂಕಿ ಅಷ್ಟೇ.

ಪ್ರಶ್ನೆ ತಿರುವಿ ಬಂದಾಗ ನೇರ ರೇಖೆಯ ತಪ್ಪು ಇನ್ನೂ ದೊಡ್ಡದಾಗುತ್ತದೆ. 'ಎಷ್ಟು ದಿನಕ್ಕೆ ಹತ್ತನೇ ಒಂದು ಭಾಗಕ್ಕೆ, ಅಂದರೆ 40ಕ್ಕೆ ಇಳಿಯುತ್ತದೆ?' ದಿನಕ್ಕೆ 25ರಂತೆ 360 ಹೋಗಲು 14.4 ದಿನ ಅಂತ ನಿಮ್ಮ ವಿಧಾನ ಹೇಳುತ್ತದೆ. ನಿಜವಾದ ಉತ್ತರ 26.6 ದಿನ. ಮೂರು ಅರ್ಧಾಯುವಿಗೆ ಎಂಟನೇ ಒಂದು, ನಾಲ್ಕಕ್ಕೆ ಹದಿನಾರನೇ ಒಂದು, ಹಾಗಾಗಿ ಹತ್ತನೇ ಒಂದು ಮೂರಕ್ಕೂ ನಾಲ್ಕಕ್ಕೂ ನಡುವೆ ಅಂತ ಬಾಯಲ್ಲೇ ಹೇಳಬಹುದು. ಸರಿಯಾಗಿ ಬೇಕಾದರೆ log 10 ÷ log 2 = 3.32, ಅದನ್ನು 8ರಿಂದ ಗುಣಿಸಿ. 14.4ನೇ ದಿನ ಸೀಸೆಯಲ್ಲಿ ನಿಜಕ್ಕೆ ಇರುವುದು 115, ಅಂದರೆ ನಾವು ಅಂದುಕೊಂಡದ್ದರ ಸುಮಾರು ಮೂರು ಪಟ್ಟು.

ಇದು ಪರೀಕ್ಷೆಯ ಅಂಕದ ವಿಷಯ ಮಾತ್ರ ಅಲ್ಲ. ಥೈರಾಯ್ಡ್ ಚಿಕಿತ್ಸೆಗೆ ಇದೇ ಅಯೋಡಿನ್-131 ಬಳಸುತ್ತಾರೆ. ಬಳಸಿ ಉಳಿದ ವಸ್ತುಗಳನ್ನು ಆಕ್ಟಿವಿಟಿ ಇಳಿಯುವವರೆಗೆ ಮುಚ್ಚಿಟ್ಟು ಕಾಯುವ ಪದ್ಧತಿ ಇದೆ. ಹತ್ತು ಅರ್ಧಾಯು ಕಾಯುವುದು ರೂಢಿಯಲ್ಲಿರುವ ಒಂದು ಅಳತೆ. ಹತ್ತು ಸಲ ಅರ್ಧ ಮಾಡಿದರೆ 1024ನೇ ಒಂದು ಭಾಗ ಉಳಿಯುತ್ತದೆ, ಅಯೋಡಿನ್‌ಗೆ ಅದು 80 ದಿನ. ನಮ್ಮ 400 ಆಗ 0.39ಕ್ಕೆ ಇಳಿದಿರುತ್ತದೆ. ಹದಿನಾರು ದಿನಕ್ಕೆ ಮುಗಿಯಿತು ಅಂತ ನಂಬಿ ತೆರೆದವರ ಕೈಯಲ್ಲಿ ಇರುವುದು ಕಾಲು ಭಾಗ. ಕಾದ ಮೇಲೂ ಮೀಟರಿನಲ್ಲಿ ಅಳೆದು ನೋಡಿಯೇ ಮುಂದುವರಿಯುವುದು ಸರಿಯಾದ ಕ್ರಮ.

ಹಿಂದಕ್ಕೆ ಹೋಗುವ ಲೆಕ್ಕವೂ ಉಂಟು. ಇವತ್ತು 400 ಇದೆ, ಎಂಟು ದಿನದ ಹಿಂದೆ ಎಷ್ಟಿತ್ತು? ದಿನಕ್ಕೆ 25 ಕೂಡಿಸುತ್ತಾ ಹೋದರೆ 600 ಅನ್ನುತ್ತೀರಿ. ಆದರೆ 600ರ ಅರ್ಧ 300, 400 ಅಲ್ಲ. ಎಂಟು ದಿನದ ಹಿಂದೆ 800 ಇದ್ದರೆ ಮಾತ್ರ ಇವತ್ತು 400 ಇರಲು ಸಾಧ್ಯ. ನಾಲ್ಕು ದಿನದ ಹಿಂದಿನದು ಬೇಕಾದರೆ 400ನ್ನು 0.7071ರಿಂದ ಭಾಗಿಸಿ, 565.7 ಬರುತ್ತದೆ. ಮುಂದಕ್ಕೆ ಹೋಗುವಾಗ ಗುಣಿಸಿದ ಪಾಲಿನಿಂದಲೇ ಹಿಂದಕ್ಕೆ ಹೋಗುವಾಗ ಭಾಗಿಸಬೇಕು.

ಈ ಲೆಕ್ಕವೆಲ್ಲ ಮುಚ್ಚಿದ ಸೀಸೆಗೆ ಅನ್ನುವುದು ನೆನಪಿರಲಿ. ದೇಹದೊಳಗೆ ಹೋದ ಅಯೋಡಿನ್ ಒಡೆಯುವುದರ ಜೊತೆಗೆ ಮೂತ್ರದಲ್ಲೂ ಹೊರಗೆ ಹೋಗುತ್ತದೆ, ಹಾಗಾಗಿ ಅಲ್ಲಿ 8 ದಿನಕ್ಕಿಂತ ಬೇಗ ಅರ್ಧವಾಗುತ್ತದೆ. ಇನ್ನೊಂದು ಮಿತಿ, ಇದು ರಾಶಿಯ ನಿಯಮ. 4 ಕೋಟಿ ಕೋಟಿ ಇದ್ದಾಗ ಅರ್ಧ ಅಂದರೆ ಅರ್ಧವೇ. ಹತ್ತೇ ನ್ಯೂಕ್ಲಿಯಸ್ ಇದ್ದರೆ ಎಂಟು ದಿನಕ್ಕೆ ಐದೇ ಉಳಿಯಬೇಕು ಅಂತ ಇಲ್ಲ, ನಾಲ್ಕು ಉಳಿಯಬಹುದು, ಏಳೂ ಉಳಿಯಬಹುದು.

ಬೇರೆ ಕಡೆ ಇದೇ ಲೆಕ್ಕಕ್ಕೆ 142 ಅಂತ ಉತ್ತರ ಕಂಡರೆ ಗಾಬರಿಯಾಗಬೇಡಿ. ಅಯೋಡಿನ್-131ರ ಅಳೆದ ಅರ್ಧಾಯು 8.02 ದಿನ. ಅದನ್ನೇ ಹಿಡಿದು 12 ದಿನದ ಲೆಕ್ಕ ಮಾಡಿದರೆ 141.8 ಬರುತ್ತದೆ. ನಿಮ್ಮ ಪ್ರಶ್ನೆಯಲ್ಲಿ 8 ಅಂತ ಕೊಟ್ಟಿರುವುದರಿಂದ 141.4 ಅಂತ ಬರೆಯಿರಿ.